ಪುರಾವೆಯಿಂದ ಹಿಂದಕ್ಕೆ ಬರೆದ ಎರಡು ನಿಮಿಷದ ಸ್ಕ್ರಿಪ್ಟ್

ಮಡಿಕೇರಿಯಲ್ಲಿ ವಿಡಿಯೊಗಳಿಗೆ ಸ್ಕ್ರಿಪ್ಟ್ ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ಹೋಂಸ್ಟೇಗಳ ಜಾಹೀರಾತೇ ಹೆಚ್ಚು. ಈಚೆಗೆ ಹೊಸ ಉದ್ಯಮ ಕಟ್ಟುತ್ತಿರುವವರು ಹಣ ಕೇಳಲು ಮಾಡುವ ಪಿಚ್ ವಿಡಿಯೊಗಳೂ ಬರುತ್ತಿವೆ. ಸಮಸ್ಯೆ, ಪರಿಹಾರ, ಪುರಾವೆ, ಕೋರಿಕೆ ಎಂಬ ನಾಲ್ಕು ಭಾಗಗಳ ಕ್ರಮ ಅವರಿಗೂ ಗೊತ್ತಿರುತ್ತದೆ. ಆದರೂ ಸ್ಕ್ರಿಪ್ಟ್ ಹರಿದಾಡುತ್ತದೆ. ನೋಡುಗರಿಗೆ ಆ ಕ್ರಮ ಸರಿ, ಬರೆಯುವವರು ಮಾತ್ರ ಪುರಾವೆಯಿಂದ ಶುರು ಮಾಡಬೇಕು ಎನ್ನುವುದು ನನ್ನ ಪದ್ಧತಿ. ಇತ್ತೀಚಿನ ಒಂದು ಕೆಲಸವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಸೋಮವಾರಪೇಟೆ ಕಡೆಯ ಒಬ್ಬ ಯುವಕ ಪಿಕಪ್ ಗಾಡಿಯ ಮೇಲೆ ಕಾಫಿ ಒಣಗಿಸುವ ಯಂತ್ರ ಕೂರಿಸಿದ್ದಾರೆ. ಸಣ್ಣ ಬೆಳೆಗಾರರ ಮನೆಗೇ ಹೋಗಿ, ಕಣದಲ್ಲಿ ಅರ್ಧ ಒಣಗಿದ ಚೆರ್ರಿಯನ್ನು, ಅಂದರೆ ಕಾಫಿ ಹಣ್ಣನ್ನು, ಒಂದು ರಾತ್ರಿಯಲ್ಲಿ ಪೂರ್ತಿ ಒಣಗಿಸಿ ಕೊಡುತ್ತಾರೆ. ಒಂದು ಆಯ್ಕೆ ಸಮಿತಿಗೆ ಎರಡು ನಿಮಿಷದ ವಿಡಿಯೊ ಕಳುಹಿಸಬೇಕಿತ್ತು. ಅವರು ತಂದ ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದಿದರೆ ಆರು ನಿಮಿಷ ದಾಟುತ್ತಿತ್ತು. ಅದರ ಮೊದಲ ಸಾಲುಗಳು ಹೀಗಿದ್ದವು:

"ಬಾಬಾ ಬುಡನ್ ಅವರು ಏಳು ಕಾಫಿ ಬೀಜಗಳನ್ನು ತಂದಂದಿನಿಂದ ಕರ್ನಾಟಕ ಕಾಫಿಯ ತವರಾಗಿದೆ. ನಮ್ಮ ಅಜ್ಜನ ಕಾಲದಿಂದ ನಾವು ಕಾಫಿ ಬೆಳೆಗಾರರು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿದ್ದ ನನಗೆ ಊರಿನ ಸೆಳೆತ ಬಿಡಲಿಲ್ಲ. ಇಂದು ಹವಾಮಾನ ಬದಲಾವಣೆಯಿಂದ ಇಡೀ ಕಾಫಿ ಉದ್ಯಮ ಸಂಕಷ್ಟದಲ್ಲಿದೆ."

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಗಾಡಿ ಏಕೆ ಬೇಕು ಎಂಬುದು ಒಂದು ಸಾಲಿನಲ್ಲೂ ಇಲ್ಲ.

ಮೊದಲು ಸ್ಕ್ರಿಪ್ಟನ್ನು ಒಂದು ಸಾಲಿಗೆ ಒಂದೇ ವಾಕ್ಯ ಬರುವಂತೆ ಮುದ್ರಿಸಿ, ಪ್ರತಿ ವಾಕ್ಯದ ಪಕ್ಕದಲ್ಲಿ ಅದು ನಾಲ್ಕರಲ್ಲಿ ಯಾವ ಭಾಗಕ್ಕೆ ಸೇರಿದ್ದು ಎಂದು ಪೆನ್ಸಿಲ್‌ನಿಂದ ಗುರುತು ಹಾಕಿದೆವು. ಯಾವುದಕ್ಕೂ ಸೇರದ್ದನ್ನು ಖಾಲಿ ಬಿಟ್ಟೆವು. ಅರ್ಧಕ್ಕಿಂತ ಹೆಚ್ಚು ಸಾಲುಗಳು ಖಾಲಿ ಉಳಿದವು. ಪುರಾವೆ ಎಂದು ಗುರುತು ಬಿದ್ದದ್ದು ಎರಡಕ್ಕೆ ಮಾತ್ರ. "ರೈತರೆಲ್ಲರೂ ಮೆಚ್ಚಿಕೊಂಡಿದ್ದಾರೆ" ಎಂಬುದನ್ನು ನಾನು ಹೊಡೆದುಹಾಕಿದೆ. ಅದು ಪುರಾವೆಯಲ್ಲ, ಮಾತು. ಇನ್ನೊಂದು ಐದನೇ ನಿಮಿಷದಲ್ಲಿ, ಫ್ಯಾನಿನ ವಿವರಣೆಯ ನಡುವೆ ಅಡಗಿತ್ತು: "ಒಬ್ಬರ ಮನೆಯಲ್ಲಿ ಅರ್ಧ ಕಣದಲ್ಲಿ, ಅರ್ಧ ಯಂತ್ರದಲ್ಲಿ ಒಣಗಿಸಿದೆವು, ರೇಟಿನಲ್ಲಿ ವ್ಯತ್ಯಾಸ ಬಂತು."

"ಎಷ್ಟು ವ್ಯತ್ಯಾಸ?" ಎಂದು ಕೇಳಿದೆ.

"ವ್ಯಾಪಾರಿ ಕೊಟ್ಟ ಚೀಟಿ ಮನೆಯಲ್ಲಿದೆ ಅಕ್ಕ. ಅದನ್ನು ಹೇಳಬೇಕೆಂದು ಅನಿಸಲಿಲ್ಲ, ಸಣ್ಣ ವಿಷಯ."

ಮರುದಿನ ಎರಡು ಚೀಟಿ ತಂದರು. ಒಂದೇ ತೋಟ, ಒಂದೇ ದಿನ ಕೊಯ್ದ ರೋಬಸ್ಟಾ ಕಾಫಿ. ಜನವರಿಯಲ್ಲಿ ಅಕಾಲಿಕ ಮಳೆ ಬಂದಾಗ ಕಣದಲ್ಲಿದ್ದ ಪಾಲು ಟಾರ್ಪಾಲಿನ ಕೆಳಗೆ ಬೆವರಿ ಬೂಷ್ಟು ಹಿಡಿದಿತ್ತು. ಯಂತ್ರಕ್ಕೆ ಹೋದ ಪಾಲಿನ ತೇವಾಂಶ ಶೇಕಡಾ 11ಕ್ಕೆ ಇಳಿದಿತ್ತು, ಕಣದ್ದು 14ರ ಹತ್ತಿರ ನಿಂತಿತ್ತು. ವ್ಯಾಪಾರಿ ಕಣದ ಕಾಫಿಗೆ 50 ಕಿಲೋ ಚೀಲವೊಂದಕ್ಕೆ 700 ರೂಪಾಯಿ ಕಡಿತ ಮಾಡಿದ್ದರು. ಇಡೀ ವಿಡಿಯೊ ನಿಲ್ಲಬೇಕಾದದ್ದು ಈ ಎರಡು ಚೀಟಿಗಳ ಮೇಲೆ.

ಸಮಸ್ಯೆಯನ್ನು ಯಾವ ಅಳತೆಯಲ್ಲಿ ಹೇಳುತ್ತೇವೋ ಪುರಾವೆಯೂ ಅದೇ ಅಳತೆಯಲ್ಲಿ ಇರಬೇಕು. ಸಮಸ್ಯೆ ಹವಾಮಾನ ಬದಲಾವಣೆ ಎಂದರೆ, ಒಂದು ಗಾಡಿ ಅದನ್ನು ಹೇಗೆ ತಡೆಯುತ್ತದೆ ಎಂದು ನೋಡುವವರು ಕೇಳುತ್ತಾರೆ. ಸಮಸ್ಯೆ ಚೀಲಕ್ಕೆ 700 ರೂಪಾಯಿ ಕಡಿತ ಎಂದರೆ, ಪುರಾವೆ ಬರುವ ಹೊತ್ತಿಗೆ ಅವರ ಕಣ್ಣು ಅದೇ ಸಂಖ್ಯೆಯನ್ನು ಹುಡುಕುತ್ತಿರುತ್ತದೆ. ಹೀಗಾಗಿ ಪುರಾವೆ ಸಿಕ್ಕ ಮೇಲೆ ಅದಕ್ಕೆ ಹೊಂದುವಂತೆ ಸಮಸ್ಯೆಯನ್ನು ಕಿರಿದುಗೊಳಿಸಿದೆವು. ಹೊಸ ಆರಂಭ ಇದು:

"ಜನವರಿಯಲ್ಲಿ ರೋಬಸ್ಟಾ ಕಣದಲ್ಲಿ ಹರಡಿರುತ್ತದೆ. ಒಣಗಲು ಎರಡು ವಾರ ಬಿಸಿಲು ಬೇಕು. ನಡುವೆ ಒಂದು ಮಳೆ ಬಂದರೆ ಬೂಷ್ಟು ಹಿಡಿಯುತ್ತದೆ. ಈ ಬೆಳೆಗಾರರಿಗೆ ಹೋದ ವರ್ಷ ಅದೇ ಆಯಿತು. ಚೀಲಕ್ಕೆ 700 ರೂಪಾಯಿ ಕೈಬಿಟ್ಟಿತು."

ಕನ್ನಡದಲ್ಲಿ ಕ್ಯಾಮೆರಾ ಎದುರು ನಿಧಾನವಾಗಿ ಮಾತನಾಡಿದರೆ ನಿಮಿಷಕ್ಕೆ ನೂರು ಪದ ಎಂದು ನಾನು ಲೆಕ್ಕ ಹಿಡಿಯುತ್ತೇನೆ. ನಮ್ಮ ಪದಗಳು ಉದ್ದ, ಇಂಗ್ಲಿಷ್ ಲೆಕ್ಕ ಇಲ್ಲಿ ನಡೆಯದು. ಎರಡು ನಿಮಿಷಕ್ಕೆ ಇನ್ನೂರು ಪದವೂ ಬೇಡ, ಉಸಿರಾಡಲು ಜಾಗ ಬೇಕು. ಸಮಸ್ಯೆಗೆ ಇಪ್ಪತ್ತೈದು ಸೆಕೆಂಡು, ಪರಿಹಾರಕ್ಕೆ ಅರ್ಧ ನಿಮಿಷ, ಪುರಾವೆಗೆ ಮುಕ್ಕಾಲು ನಿಮಿಷ, ಕೋರಿಕೆಗೆ ಕಾಲು ನಿಮಿಷ ಕೊಟ್ಟೆ. ಹೆಚ್ಚಿನವರು ಪರಿಹಾರಕ್ಕೆ ಬಹುಪಾಲು ಸಮಯ ಸುರಿಯುತ್ತಾರೆ. ಯಂತ್ರ ಕಟ್ಟಿದ್ದು ಅವರೇ ಆದ್ದರಿಂದ ಆ ಪ್ರೀತಿ ಅರ್ಥವಾಗುತ್ತದೆ. ಆದರೆ ಪರಿಹಾರದಲ್ಲಿ ಯಂತ್ರದ ಒಳಗಿನದ್ದನ್ನು ಹೇಳಬಾರದು, ಬೆಳೆಗಾರರ ಕಣ್ಣಿಗೆ ಕಾಣುವುದನ್ನು ಹೇಳಬೇಕು. ಫೋನ್ ಮಾಡುತ್ತಾರೆ, ಸಂಜೆ ಗಾಡಿ ಬರುತ್ತದೆ, ಚೆರ್ರಿ ತುಂಬುತ್ತಾರೆ, ಬೆಳಿಗ್ಗೆ ಮಾಪಕ 11 ತೋರಿಸಿದರೆ ಚೀಲ ಹೊಲಿಯುತ್ತಾರೆ, ಚೀಲದ ಲೆಕ್ಕದಲ್ಲಿ ಬಾಡಿಗೆ ಕೊಡುತ್ತಾರೆ. ಅಷ್ಟರಲ್ಲೇ ಯಾರು ಹಣ ಕೊಡುತ್ತಾರೆ ಎಂಬುದಕ್ಕೂ ಉತ್ತರ ಸಿಕ್ಕಿತು.

ಪುರಾವೆಯ ಭಾಗದಲ್ಲಿ ನಮಗೆ ಸ್ವಲ್ಪ ಜಗ್ಗಾಟವಾಯಿತು. ಒಂದು ಮನೆಯ ಎರಡು ಚೀಟಿ ಸಾಲದು. ಆ ಋತುವಿನಲ್ಲಿ ಅವರು ಹದಿನಾಲ್ಕು ಮನೆಗಳಿಗೆ ಹೋಗಿದ್ದರು, ಚೀಟಿ ಇಟ್ಟುಕೊಂಡವರು ಒಂಬತ್ತು ಮಂದಿ. ಅವರಲ್ಲಿ ಮೂವರಿಗೆ ರೇಟಿನಲ್ಲಿ ಏನೂ ವ್ಯತ್ಯಾಸ ಬಂದಿರಲಿಲ್ಲ. ಅವರ ಸರದಿಯ ವಾರ ಒಳ್ಳೆಯ ಬಿಸಿಲಿತ್ತು, ಕಣದಲ್ಲೇ ಚೆನ್ನಾಗಿ ಒಣಗುತ್ತಿತ್ತು. ಆ ಮೂವರನ್ನು ಬಿಡೋಣ ಎಂದರು ಅವರು. ನಾನು ಒಪ್ಪಲಿಲ್ಲ. ಯಂತ್ರದ ಬಾಡಿಗೆ ದಂಡವಾಗುವ ದಿನ ಯಾವುದು ಎಂದು ಸಮಿತಿಯವರು ಹೇಗೂ ಕೇಳುತ್ತಾರೆ. ನಾವೇ ಮೊದಲು ಹೇಳಿದರೆ ಉಳಿದ ಆರು ಮನೆಗಳ ಲೆಕ್ಕವನ್ನು ನಂಬುತ್ತಾರೆ. ಕೊನೆಗೆ ಬರೆದದ್ದು: "ಒಂಬತ್ತು ಮನೆಗಳ ಚೀಟಿ ನಮ್ಮ ಬಳಿ ಇದೆ. ಮಳೆ ಬಿದ್ದ ವಾರದ ಆರು ಮನೆಗಳಲ್ಲಿ ಕಡಿತ ತಪ್ಪಿತು. ಬಿಸಿಲಿದ್ದ ಮೂರು ಮನೆಗಳಲ್ಲಿ ವ್ಯತ್ಯಾಸವಾಗಲಿಲ್ಲ. ಆದ್ದರಿಂದ ಈಗ ಮಳೆಯ ಮುನ್ಸೂಚನೆ ಇದ್ದಾಗ ಮಾತ್ರ ಗಾಡಿ ಕಳುಹಿಸುತ್ತೇವೆ." ಕೊನೆಯ ವಾಕ್ಯ ಹಳೆಯ ಸ್ಕ್ರಿಪ್ಟಿನಲ್ಲಿ ಇರಲೇ ಇಲ್ಲ. ನನ್ನ ದೃಷ್ಟಿಯಲ್ಲಿ ಅದೇ ಈ ಉದ್ಯಮದ ಬುದ್ಧಿವಂತಿಕೆ. ಇದನ್ನು ಹೇಳುವಾಗ ಪರದೆಯ ಮೇಲೆ ಚೀಟಿಗಳನ್ನೇ ತೋರಿಸಿದೆವು, ಹೆಸರುಗಳನ್ನು ಮುಚ್ಚಿ.

ಹಳೆಯ ಕೊನೆಯಲ್ಲಿ ನಾಲ್ಕು ಕೋರಿಕೆಗಳಿದ್ದವು: ಹೂಡಿಕೆ ಮಾಡಿ, ಕೈಜೋಡಿಸಿ, ವಿಡಿಯೊ ಹಂಚಿ, ನಮ್ಮ ಪುಟ ನೋಡಿ. ವಿಡಿಯೊ ನೋಡುವವರು ಸಮಿತಿಯವರು ಮಾತ್ರ, ಹಂಚುವವರು ಅಲ್ಲಿ ಯಾರೂ ಇಲ್ಲ. ಕೋರಿಕೆ ಹುಟ್ಟಬೇಕಾದದ್ದು ಪುರಾವೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ. ಮಳೆ ಎಲ್ಲರ ಕಣಕ್ಕೂ ಒಂದೇ ದಿನ ಬರುತ್ತದೆ, ಗಾಡಿ ಒಂದೇ ಇದೆ. "ಎರಡನೇ ಗಾಡಿಗೆ 9 ಲಕ್ಷ ರೂಪಾಯಿ ಬೇಕು. ಅಕ್ಟೋಬರ್ ಒಳಗೆ ಸಿಕ್ಕರೆ ಈ ಸಲದ ರೋಬಸ್ಟಾ ಕೊಯ್ಲಿಗೆ ಅದು ಓಡುತ್ತದೆ." ಇಷ್ಟು ಹೇಳಿ ನಿಲ್ಲಿಸಿ, ಫೋನ್ ಸಂಖ್ಯೆಯನ್ನು ಐದು ಸೆಕೆಂಡು ಪರದೆಯ ಮೇಲೆ ಬಿಟ್ಟೆವು.

ಕತ್ತರಿಸಿದ ಸಾಲುಗಳನ್ನು ನಾನು ಎಸೆಯುವುದಿಲ್ಲ. ಫ್ಯಾನು, ಸೌದೆಯ ಖರ್ಚು, ಬೀಜದ ಬಿಸಿ 45 ಡಿಗ್ರಿ ದಾಟದಂತೆ ನೋಡಿಕೊಳ್ಳುವ ಬಗೆ ಎಲ್ಲವನ್ನೂ ಪ್ರಶ್ನೋತ್ತರದ ಹಾಳೆಯಾಗಿ ಜೋಡಿಸಿ ಕೊಟ್ಟೆ. ಸಮಿತಿಯ ಸಂದರ್ಶನದಲ್ಲಿ ಅವರಿಗೆ ಬಂದ ಮೊದಲ ಪ್ರಶ್ನೆ ಸೌದೆಯದ್ದು, ಎರಡನೆಯದು ಗಾಡಿ ಕೆಟ್ಟರೆ ರಾತ್ರಿ ಏನು ಮಾಡುತ್ತೀರಿ ಎಂಬುದು. ಎರಡಕ್ಕೂ ಉತ್ತರ ಆ ಹಾಳೆಯಲ್ಲಿತ್ತು.