ಓಡುವ ಬಸ್ಸಿನಲ್ಲಿ ಮಾತು ಎಲ್ಲಿಂದ ಶುರುವಾಗಬೇಕು?

“ನಾನು ಟೂರಿಸ್ಟ್ ಬಸ್ಸಿನಲ್ಲಿ ಗೈಡ್ ಸರ್. ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡೇ ಹೋಗ್ತೀನಿ. ಆದ್ರೂ ನಾನು ಹೇಳಿ ಮುಗಿಸೋಷ್ಟರಲ್ಲಿ ಜಾಗ ಹಿಂದೆ ಹೋಗಿರುತ್ತೆ, ಜನ ಕತ್ತು ತಿರುಗಿಸಿ ಏನೂ ಕಾಣದೆ ಸುಮ್ಮನಾಗ್ತಾರೆ. ಎಲ್ಲಿ ತಪ್ಪುತ್ತಿದೆ?”

ಹೆಚ್ಚಿನ ಸಲ ತಪ್ಪುವುದು ವಾಕ್ಯದ ಕಟ್ಟಣೆಯಲ್ಲಿ. ಕನ್ನಡದಲ್ಲಿ ವಿವರಣೆಯೆಲ್ಲ ಮೊದಲು ಬಂದು, ಹೆಸರು ಆಮೇಲೆ ಬಂದು, ಕ್ರಿಯಾಪದ ಕೊನೆಗೆ ಬರುತ್ತದೆ. ಕಾಗದದ ಮೇಲೆ ಇದು ಚೆಂದ. ಬಸ್ಸಿನಲ್ಲಿ ಇದೇ ತೊಡಕು. ಈ ವಾಕ್ಯ ನೋಡಿ: “ಮೈಸೂರು ಒಡೆಯರ ರಾಜಧಾನಿಯಾಗಿದ್ದ, ಟಿಪ್ಪು ಸುಲ್ತಾನ್ 1799ರ ಮೇ 4ರಂದು ಬ್ರಿಟಿಷರ ವಿರುದ್ಧ ಹೋರಾಡುತ್ತಾ ಮಡಿದ ಶ್ರೀರಂಗಪಟ್ಟಣದ ಕೋಟೆಯ ಗೋಡೆ ನಿಮ್ಮ ಬಲಗಡೆ ಕಾಣುತ್ತಿದೆ.” ಒಂದಕ್ಷರವೂ ಸುಳ್ಳಲ್ಲ. ಆದರೆ ಕೇಳುವವರಿಗೆ ಮೊದಲು ಬೇಕಾದ “ಬಲಗಡೆ” ಅನ್ನುವ ಮಾತು ಬಂದದ್ದು ಎಲ್ಲಕ್ಕಿಂತ ಕೊನೆಗೆ. ಮೈಕಿನಲ್ಲಿ ಬಿಡಿಸಿ ಹೇಳಿದರೆ ಇದಕ್ಕೆ ಹನ್ನೆರಡು ಸೆಕೆಂಡಾದರೂ ಹಿಡಿಯುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಬಸ್ಸು ಸೆಕೆಂಡಿಗೆ 14 ಮೀಟರ್ ಹೋಗುತ್ತದೆ. ಅಂದರೆ ವಾಕ್ಯ ಮುಗಿಯುವ ಹೊತ್ತಿಗೆ ಬಸ್ಸು 170 ಮೀಟರ್ ಮುಂದೆ.

ಅದನ್ನೇ ತಿರುವಿ ಹಾಕಿ: “ಡ್ರೈವರ್ ಕಡೆ ನೋಡಿ. ಬೂದು ಕಲ್ಲಿನ ಗೋಡೆ. ಶ್ರೀರಂಗಪಟ್ಟಣದ ಕೋಟೆ. ಟಿಪ್ಪು ಮಡಿದದ್ದು ಇಲ್ಲೇ, 1799ರಲ್ಲಿ.” ಮೊದಲು ಯಾವ ಕಡೆ, ಆಮೇಲೆ ಕಣ್ಣಿಗೆ ಬೀಳುವ ಗುರುತು, ಆಮೇಲೆ ಹೆಸರು, ಕೊನೆಗೆ ಒಂದೇ ಒಂದು ಸಂಗತಿ. ಮೊದಲ ಮೂರು ಪದಕ್ಕೇ ಕತ್ತು ತಿರುಗಿರುತ್ತದೆ, ಉಳಿದದ್ದನ್ನು ಜನ ನೋಡುತ್ತಾ ಕೇಳುತ್ತಾರೆ. ಬಸ್ಸು ದಿಢೀರನೆ ವೇಗ ಹೆಚ್ಚಿಸಿ ಕೊನೆಯ ಮಾತಿಗೆ ಜಾಗ ಸಿಗದಿದ್ದರೂ ನಷ್ಟವಿಲ್ಲ. ಹಳೆಯ ವಾಕ್ಯದಲ್ಲಿ ಕೊನೆಯ ಮಾತು ತಪ್ಪಿದರೆ ಎಲ್ಲವೂ ತಪ್ಪಿದ ಹಾಗೆ.

“ಡ್ರೈವರ್ ಕಡೆ” ಅಂದದ್ದಕ್ಕೆ ಕಾರಣವಿದೆ. ಜನರಿಗೆ ಮುಖ ಮಾಡಿ ನಿಂತವರ ಬಲಗೈ ಜನರ ಎಡಗಡೆ ಇರುತ್ತದೆ. ಬಾಯಿ ಬಲ ಅನ್ನುತ್ತದೆ, ಕೈ ಎಡ ತೋರಿಸುತ್ತದೆ, ಅರ್ಧ ಬಸ್ಸು ಬಾಯಿಯನ್ನೂ ಇನ್ನರ್ಧ ಕೈಯನ್ನೂ ನಂಬುತ್ತದೆ. ನಮ್ಮ ಬಸ್ಸುಗಳಲ್ಲಿ ಡ್ರೈವರ್ ಕೂರುವುದು ಬಲಕ್ಕೆ, ಬಾಗಿಲು ಎಡಕ್ಕೆ. ಹಾಗಾಗಿ “ಡ್ರೈವರ್ ಕಡೆ”, “ಬಾಗಿಲ ಕಡೆ” ಅಂದರೆ ಯಾರಿಗೂ ಗೊಂದಲವಿಲ್ಲ. ಎಲ್ಲಕ್ಕಿಂತ ಒಳ್ಳೆಯದು, ಮುಂದಿನ ಸೀಟಿನಲ್ಲಿ ರಸ್ತೆಗೆ ಮುಖ ಮಾಡಿ ಕೂತೇ ಮಾತಾಡುವುದು. ಬ್ರೇಕ್ ಬಿದ್ದರೂ ಬೀಳುವುದಿಲ್ಲ, ಬರುವುದೂ ಮೊದಲೇ ಕಾಣುತ್ತದೆ.

ಮೊದಲೇ ಕಾಣುವುದರಲ್ಲೂ ಒಂದು ಮೋಸವಿದೆ. ನಿಮಗೆ ಮುಂದಿನ ಗಾಜಿನಿಂದ ಮುನ್ನೂರು ಮೀಟರ್ ದೂರದ ಗೋಪುರ ಕಾಣುತ್ತಿರುತ್ತದೆ. ಎಂಟನೇ ಸಾಲಿನಲ್ಲಿ ಕೂತವರಿಗೆ ಕಾಣುವುದು ಪಕ್ಕದ ಕಿಟಕಿ ಮಾತ್ರ. “ಅಗೋ ಮುಂದೆ” ಅಂದರೆ ಅವರಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು. ಅದಕ್ಕೇ ಕರೆ ಎರಡು ಸಲ ಇರಬೇಕು. ಸುಮಾರು ಇಪ್ಪತ್ತು ಸೆಕೆಂಡು ಮುಂಚೆ “ಇನ್ನು ಸ್ವಲ್ಪದರಲ್ಲೇ, ಬಾಗಿಲ ಕಡೆ” ಎಂದು ಎಚ್ಚರಿಸುವುದು. ಅದು ಕಿಟಕಿಯ ಪಕ್ಕಕ್ಕೆ ಬಂದಾಗ “ಈಗ” ಅನ್ನುವುದು. ಇಪ್ಪತ್ತು ಸೆಕೆಂಡು ಅಂದರೆ 50ರ ವೇಗಕ್ಕೆ 280 ಮೀಟರ್, 80ರ ವೇಗಕ್ಕೆ 440 ಮೀಟರ್. ಓಡುವ ಬಸ್ಸಿನಲ್ಲಿ ಯಾರೂ ಮೀಟರ್ ಎಣಿಸಲಾರರು. ಅದಕ್ಕೆ ಪ್ರತಿ ಜಾಗಕ್ಕೂ ಅದಕ್ಕಿಂತ ಮುಂಚೆ ಬರುವ ಒಂದು ಪೆಟ್ರೋಲ್ ಬಂಕೋ ಸೇತುವೆಯೋ ಸರ್ಕಲ್ಲೋ ಗುರುತಿಟ್ಟುಕೊಂಡು, ಅದು ದಾಟಿದ ಕೂಡಲೇ ಬಾಯಿ ತೆರೆಯಬೇಕು. ಗಡಿಯಾರ ನಂಬಿದರೆ ಒಂದು ಸಿಗ್ನಲ್ಲಿಗೇ ಲೆಕ್ಕ ಕೆಡುತ್ತದೆ.

ಹಾಗಾದರೆ ಉಳಿದ ಕಥೆ ಎಲ್ಲಿ ಹೇಳುವುದು? ಜಾಗ ಬರುವುದಕ್ಕೆ ಮುಂಚೆ, ನೋಡುವುದಕ್ಕೆ ಏನೂ ಇಲ್ಲದ ರಸ್ತೆಯಲ್ಲಿ. ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲೇ ನೋಡೋಣ. ಶ್ರೀರಂಗಪಟ್ಟಣಕ್ಕೆ ಮುಂಚೆ ಕಿರಂಗೂರು ಸಿಗುತ್ತದೆ. ಶ್ರೀರಂಗಪಟ್ಟಣ ದಸರಾ ಮೆರವಣಿಗೆ ಹೊರಡುವುದು ಅಲ್ಲಿನ ಬನ್ನಿಮಂಟಪದಿಂದ. ಅಲ್ಲಿಂದಲೇ ದೊಡ್ಡ ಮಾತು ಶುರು ಮಾಡಬಹುದು: ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆದು ಮತ್ತೆ ಸಂಗಮದಲ್ಲಿ ಸೇರುತ್ತದೆ, ನಡುವಿನ ದ್ವೀಪವೇ ಊರು, ರಾಜ ಒಡೆಯರು 1610ರಲ್ಲಿ ದಸರಾ ಆರಂಭಿಸಿದ್ದು ಇಲ್ಲೇ. ಹೊಳೆ ಬರುವುದಕ್ಕೆ ಮುಂಚೆ ಇದು ಮುಗಿಯಬೇಕು. ಮುಗಿದ ಮೇಲೆ ಒಂದೆರಡು ಉಸಿರಿನಷ್ಟು ಮೌನ. ಸೇತುವೆ ಹತ್ತಿದಾಗ “ಎರಡೂ ಕಡೆ ಕಾವೇರಿ, ಮೊದಲ ಕವಲು” ಅಷ್ಟೇ. ಆಮೇಲೆ ಕೋಟೆಯ ನಾಲ್ಕು ತುಂಡು ಮಾತು. ದಕ್ಷಿಣದ ಸೇತುವೆಯಲ್ಲಿ “ಇದು ಎರಡನೇ ಕವಲು, ದ್ವೀಪ ದಾಟಿದೆವು” ಅಂದರೆ ಮೊದಲು ಹೇಳಿದ ಕಥೆ ಕಣ್ಣ ಮುಂದೆ ಕೂಡಿಕೊಳ್ಳುತ್ತದೆ. ಹೊಳೆಯ ಮಾತನ್ನು ಮಾತ್ರ ಗಿಳಿಪಾಠ ಒಪ್ಪಿಸಬೇಡಿ. ಕೆ.ಆರ್.ಎಸ್. ಅಣೆಕಟ್ಟೆ ಇದರ ಮೇಲ್ಗಡೆ ಇದೆ. ಅಲ್ಲಿಂದ ನೀರು ಬಿಟ್ಟಿಲ್ಲದ ಬೇಸಿಗೆಯಲ್ಲಿ ಇಲ್ಲಿ ಬಂಡೆಯೇ ಹೆಚ್ಚು ಕಾಣುತ್ತದೆ, “ತುಂಬಿ ಹರಿಯುವ ಕಾವೇರಿ” ಅಂದರೆ ಜನ ನಿಮ್ಮ ಮುಂದಿನ ಮಾತನ್ನೂ ನಂಬುವುದಿಲ್ಲ.

ಅದೇ ಕಾರಣಕ್ಕೆ “ನೋಡಿ” ಅನ್ನುವ ಪದವನ್ನು ಜೋಪಾನ ಮಾಡಬೇಕು. 1784ರ ದರಿಯಾ ದೌಲತ್ ಬಾಗ್ ಇರುವುದು ಬಾಗಿಲ ಕಡೆ ಒಳಗೆ, ಹೆದ್ದಾರಿಯಿಂದ ದೂರದಲ್ಲಿ. “ಎಡಗಡೆ ನೋಡಿ, ದರಿಯಾ ದೌಲತ್” ಅಂದರೆ ಕಾಣುವುದು ಅಂಗಡಿ ಸಾಲು. “ಈ ಕಡೆ ಒಳಗೆ ಟಿಪ್ಪುವಿನ ಬೇಸಿಗೆ ಅರಮನೆ ಇದೆ, ಇಲ್ಲಿಂದ ಕಾಣುವುದಿಲ್ಲ” ಅನ್ನಿ. ಎರಡು ಸಲ ಕತ್ತು ತಿರುಗಿಸಿ ಏನೂ ಕಾಣದವರು ಮೂರನೇ ಸಲ ತಿರುಗಿಸುವುದೇ ಇಲ್ಲ.

ಎಲ್ಲಕ್ಕೂ ಈ ಅವಸರ ಬೇಕಿಲ್ಲ. ರಾಮನಗರದ ಬಂಡೆ ಬೆಟ್ಟಗಳು ನಿಮಿಷಗಟ್ಟಲೆ ಜೊತೆಗೇ ಬರುತ್ತವೆ. ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು, ಊರಿನ ಹಳೆಯ ಹೆಸರಿನಿಂದ ಅದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ, ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ ಎಂದೆಲ್ಲ ನಿಧಾನವಾಗಿ ಹೇಳಬಹುದು. ಎಷ್ಟು ಮಾತಾಡಬೇಕು ಅನ್ನುವುದನ್ನು ಜಾಗದ ಮಹತ್ವ ತೀರ್ಮಾನಿಸುವುದಿಲ್ಲ, ಅದು ಕಿಟಕಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ತೀರ್ಮಾನಿಸುತ್ತದೆ. ಡ್ರೈವರ್ ಕಡೆಯ ತಗ್ಗು ಕಟ್ಟಡಗಳನ್ನು ಎದುರು ಬರುವ ಲಾರಿಗಳು ಮರೆ ಮಾಡುತ್ತವೆ. ಆ ಕಡೆ ಬೆಟ್ಟ, ಗೋಪುರದಂಥ ಎತ್ತರದ್ದನ್ನೇ ಆರಿಸಿಕೊಳ್ಳಿ.

ತಪ್ಪಿ ಹೋದರೆ “ಅಯ್ಯೋ, ಹಿಂದೆ ಹೋಯ್ತು” ಅನ್ನಬೇಡಿ, ಆ ಜಾಗದ ಹೆಸರನ್ನೇ ಎತ್ತದೆ ಮುಂದಿನದಕ್ಕೆ ಹೋಗಿ. ಹೊರಡುವ ಮುಂಚೆ ಡ್ರೈವರ್ ಅಣ್ಣನನ್ನು ಯಾವ ರಸ್ತೆ ಎಂದು ಕೇಳಿಕೊಳ್ಳಿ. ಎಕ್ಸ್‌ಪ್ರೆಸ್‌ವೇ ಹಿಡಿದರೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವೂ ಬೈಪಾಸಿನಲ್ಲಿ ತಪ್ಪಿಹೋಗುತ್ತವೆ, ಮೇಲೆ ಹೇಳಿದ ಹೆಚ್ಚಿನ ಗುರುತುಗಳು ಸಿಗುವುದಿಲ್ಲ. ಮತ್ತೆ, ವಾಪಸ್ ಬರುವಾಗಿನ ಚೀಟಿ ಬೇರೆಯೇ ಬರೆದುಕೊಳ್ಳಿ: ಕೋಟೆ ಈಗ ಬಾಗಿಲ ಕಡೆ, ದರಿಯಾ ದೌಲತ್ ಡ್ರೈವರ್ ಕಡೆ, ದೊಡ್ಡ ಮಾತು ಶುರು ಮಾಡುವುದು ದಕ್ಷಿಣದ ಸೇತುವೆಗೆ ಮುಂಚೆ.