ಮನೆಯ ಶುಗರ್ ಶೀಟ್: ಕಾಕಿಯ ಸಾಲು ಹೊಂದಲಿಲ್ಲ

ಮಾರ್ಚ್ ಕೊನೆ

ಮನೆಯವರ ಶುಗರ್ ರಿಪೋರ್ಟುಗಳನ್ನೆಲ್ಲ ಒಂದೇ ಸ್ಪ್ರೆಡ್‌ಶೀಟಿಗೆ ತರುವ ಕೆಲಸ ಒಂದು ಹಂತಕ್ಕೆ ಬಂತು. ಕಾಕಿಯ ಸಾಲು ತುಂಬಿದ ಕೂಡಲೇ ತಕರಾರು ಶುರುವಾಯಿತು. ಖಾಲಿ ಹೊಟ್ಟೆ ಶುಗರ್ 94. ಎಚ್‌ಬಿಎ1ಸಿ, ಅಂದರೆ ಲ್ಯಾಬಿನವರು 'ಮೂರು ತಿಂಗಳ ಶುಗರ್' ಅನ್ನೋದು, 6.5.

ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ನಾರ್ಮಲ್, 126 ಮುಟ್ಟಿದರೆ ಸಕ್ಕರೆ ಕಾಯಿಲೆ. ಎಚ್‌ಬಿಎ1ಸಿಗೆ ಆ ಗಡಿ 6.5. ಒಂದು ರಿಪೋರ್ಟ್ ಕಾಕಿಗೆ ಏನೂ ಇಲ್ಲ ಅನ್ನುತ್ತದೆ, ಇನ್ನೊಂದು ಇದೆ ಅನ್ನುತ್ತದೆ. "ಎರಡರಾಗ ಯಾವುದು ಖರೆ ಹೇಳು. ನಾ ರೊಟ್ಟಿ ಬಿಡ್ಲೋ ಬ್ಯಾಡೋ?" ಅಂದರು ಕಾಕಿ.

ಎರಡು ಪರೀಕ್ಷೆ ಹೊಂದದಿದ್ದರೆ, ಗಡಿ ದಾಟಿದ್ದನ್ನು ಮತ್ತೆ ಮಾಡಿಸಬೇಕು ಅನ್ನೋದು ಸಾಮಾನ್ಯ ನಿಯಮ. ಮಾಡಿಸಿದೆವು. ಮತ್ತೆ 6.5. ಅಂದರೆ ಲ್ಯಾಬಿನಲ್ಲಿ ಒಮ್ಮೆ ಆದ ಎಡವಟ್ಟಂತೂ ಅಲ್ಲ. ಜೊತೆಗೆ ಡಾಕ್ಟರ್ ಜಿಟಿಟಿಗೂ, ಅಂದರೆ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ಶುಗರ್ ನೋಡುವ ಪರೀಕ್ಷೆಗೂ, ಬರೆದುಕೊಟ್ಟರು.

ಏಪ್ರಿಲ್

ಜಿಟಿಟಿಗೆ ತಯಾರಿ ಬೇಕು. ಹಿಂದಿನ ಮೂರು ದಿನ ಎಂದಿನ ಊಟವನ್ನೇ ಮಾಡಬೇಕು, ದಿನಕ್ಕೆ ಕಡಿಮೆಯೆಂದರೂ 150 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಕಾಕಿ ಭಯಕ್ಕೆ ಆಗಲೇ ರೊಟ್ಟಿ ಅರ್ಧ ಮಾಡಿದ್ದರು. ಹಾಗೆ ಉಂಡು ಹೋದರೆ ದೇಹಕ್ಕೆ ದೊಡ್ಡ ಗ್ಲೂಕೋಸ್ ಹೊರೆ ತಗೊಳ್ಳುವ ರೂಢಿ ತಪ್ಪಿರುತ್ತದೆ, ಎರಡು ಗಂಟೆಯ ಶುಗರ್ ಸುಳ್ಳಾಗಿ ಜಾಸ್ತಿ ಬರಬಹುದು. ಹಾಗಾಗಿ ಮೂರು ದಿನ ಜೋಳದ ರೊಟ್ಟಿ, ಬೇಳೆ, ಅನ್ನ ಎಲ್ಲ ಸರಿಯಾಗಿ ಉಣ್ಣಿಸಿದೆವು. ಆ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿದ್ದನ್ನು ಐದು ನಿಮಿಷದೊಳಗೆ ಕುಡಿದು, ಓಡಾಡದೆ ಎರಡು ಗಂಟೆ ಕೂತರು. ಎರಡು ಗಂಟೆಗೆ 128. 140ರ ಒಳಗಿದ್ದರೆ ನಾರ್ಮಲ್. 200 ಮುಟ್ಟಿದ್ದರೆ ಕಾಯಿಲೆ.

ಈಗ ಲೆಕ್ಕ ಎರಡಕ್ಕೆ ಒಂದು. ಆದರೆ ಇದು ಕೈ ಎತ್ತಿಸಿ ತೀರ್ಮಾನ ಮಾಡೋ ವಿಷಯ ಅಲ್ಲ. ಎಚ್‌ಬಿಎ1ಸಿ ಒಂದೇ ಯಾಕೆ ಬೇರೆ ದಾರಿ ಹಿಡಿದಿದೆ ಅಂತ ಗೊತ್ತಾಗಬೇಕಿತ್ತು. ಅದಕ್ಕೆ ಶೀಟಿನಲ್ಲಿ ಹೊಸ ಕಾಲಂ ಹಾಕಿದೆ. ಎಚ್‌ಬಿಎ1ಸಿಯಿಂದ ಸರಾಸರಿ ಶುಗರ್ ತೆಗೆಯುವ ಒಂದು ಸೂತ್ರ 2008ರಿಂದ ಬಳಕೆಯಲ್ಲಿದೆ:

```
=28.7*B2-46.7
```

6.5ಕ್ಕೆ ಸುಮಾರು 140 ಬಂತು. ಅಂದರೆ ಕಾಕಿಯ ಶುಗರ್ ದಿನವಿಡೀ ಸರಾಸರಿ 140ರ ಸುತ್ತ ಇರಬೇಕು. ಎರಡು ವಾರ ಗ್ಲುಕೋಮೀಟರಿನಲ್ಲಿ ನೋಡಿದೆವು: ಬೆಳಿಗ್ಗೆ, ಊಟಕ್ಕೆ ಮುಂಚೆ, ಊಟವಾದ ಎರಡು ಗಂಟೆಗೆ, ಮಲಗುವಾಗ. ಸರಾಸರಿ 112. ಮೀಟರಿನ ಒಂದೊಂದು ಓದು ಶೇಕಡಾ 15ರಷ್ಟು ಆಚೀಚೆ ಆಗಬಹುದು, ಅದಕ್ಕೆ ಮಾನದಂಡದಲ್ಲೇ ಅವಕಾಶ ಇದೆ. ರಾತ್ರಿ ನಿದ್ದೆಯಲ್ಲಿ ಯಾರೂ ಚುಚ್ಚಿಕೊಳ್ಳಲ್ಲ ಅನ್ನೋದೂ ನಿಜ. ಆದರೂ 28ರ ಅಂತರ ಜಾಸ್ತಿಯೇ ಅನ್ನಿಸಿತು.

ಏಪ್ರಿಲ್ ಕೊನೆ, ಉತ್ತರ ಸಿಕ್ಕಿದ್ದು ಸಿಬಿಸಿಯಲ್ಲಿ

ಡಾಕ್ಟರ್ ರಕ್ತಕಣಗಳ ಲೆಕ್ಕ ಕೊಡುವ ಸಿಬಿಸಿ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್ ಮಾಡಿಸಿದರು. ಹಿಮೋಗ್ಲೋಬಿನ್ 9.4. ಕೆಂಪು ರಕ್ತಕಣಗಳ ಗಾತ್ರ ತೋರಿಸುವ ಎಂಸಿವಿ 69, ಅಂದರೆ ಕಣಗಳು ಸಣ್ಣವು. ಫೆರಿಟಿನ್ 6. ಕಬ್ಬಿಣಾಂಶದ ಖಜಾನೆ ಖಾಲಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದದ್ದನ್ನು ಕಾಕಿ ವರ್ಷಗಳಿಂದ ಯಾರಿಗೂ ಹೇಳಿರಲಿಲ್ಲ. ಫೆರಿಟಿನ್ ಮುಖ್ಯ ಯಾಕಂದರೆ, ವಂಶದಿಂದ ಬರುವ ರಕ್ತದ ದೋಷವಾದ ತಲಸೇಮಿಯಾದ ವಾಹಕರಲ್ಲೂ ಕಣ ಸಣ್ಣದಿರುತ್ತದೆ. ಅಲ್ಲಿ ಕಬ್ಬಿಣದ ಕೊರತೆ ಇಲ್ಲದಿದ್ದರೆ ಕಬ್ಬಿಣ ಕೊಟ್ಟು ಉಪಯೋಗವಿಲ್ಲ.

ರಕ್ತಕ್ಕೂ ಶುಗರ್ ರಿಪೋರ್ಟಿಗೂ ಏನು ನಂಟು? ಎಚ್‌ಬಿಎ1ಸಿ ಅಳೆಯೋದು ರಕ್ತದಲ್ಲಿರುವ ಸಕ್ಕರೆಯನ್ನಲ್ಲ, ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯನ್ನು. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನವೂ ಸಕ್ಕರೆ ನಿಧಾನಕ್ಕೆ ಅಂಟುತ್ತಲೇ ಇರುತ್ತದೆ. ಒಲೆಯ ಮೇಲೆ ತೂಗುಹಾಕಿದ ಅರಿವೆ ಹೆಚ್ಚು ದಿನ ಇದ್ದಷ್ಟೂ ಹೊಗೆ ಹಿಡಿಯುವ ಹಾಗೆ. ಹೊಗೆ ಅಷ್ಟೇ ಇದ್ದರೂ ಅರಿವೆ ಹಳೆಯದಾದರೆ ಬಣ್ಣ ಗಾಢ. ಕಬ್ಬಿಣ ಇಲ್ಲದಿದ್ದರೆ ಹೊಸ ಕಣಗಳ ತಯಾರಿ ಕುಂಟುತ್ತದೆ, ರಕ್ತದಲ್ಲಿ ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಹೀಗೆ ಸಕ್ಕರೆ ಏರದಿದ್ದರೂ ಎಚ್‌ಬಿಎ1ಸಿ ಏರಬಹುದು ಅನ್ನೋದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಕಣಗಳು ಬೇಗ ಒಡೆಯುವ ಕಾಯಿಲೆಯಲ್ಲಿ ಇದು ತಿರುವುಮುರುವು: ಸಕ್ಕರೆ ಇದ್ದರೂ ಎಚ್‌ಬಿಎ1ಸಿ ಕಡಿಮೆ ಬರುತ್ತದೆ. ನನಗೆ ಹೆಚ್ಚು ಹೆದರಿಕೆ ಆ ಎರಡನೆಯದರದ್ದೇ. ಅದರಲ್ಲಿ ಇರುವ ಕಾಯಿಲೆ ಮುಚ್ಚಿಹೋಗುತ್ತದೆ.

ಹಾಗಾಗಿ ಇಂಥ ರಕ್ತಹೀನತೆ ಇರುವಾಗ ಡಾಕ್ಟರು ಎಚ್‌ಬಿಎ1ಸಿಯನ್ನು ಬದಿಗಿಟ್ಟು, ನೇರವಾಗಿ ಸಕ್ಕರೆ ಅಳೆಯುವ ಎರಡು ಪರೀಕ್ಷೆಗಳನ್ನೇ ನಂಬುತ್ತಾರೆ. ಕಾಕಿಗೆ ಕಬ್ಬಿಣದ ಮಾತ್ರೆ ಶುರುವಾಯಿತು. ಕಬ್ಬಿಣ ಮೈಗೆ ಹತ್ತಲಿ ಅಂತ ಊಟದ ಬೆನ್ನಿಗೆ ಚಹಾ ಬೇಡ ಅಂದದ್ದಕ್ಕೆ ಜಗಳ ಬೇರೆ.

ಜೂನ್

ಕಾಕಿ ಒಮ್ಮೆ ಎಚ್‌ಬಿಎ1ಸಿ ನೋಡೋಣ ಅಂದರು, ತಡೆದೆ. ಮಾತ್ರೆ ಶುರುವಾದ ಮೇಲೆ ಹೊಸ ಕಣಗಳು ಒಮ್ಮೆಲೇ ಹೆಚ್ಚು ಬರುತ್ತವೆ. ಅವುಗಳಿಗೆ ಸಕ್ಕರೆ ಅಂಟಲು ದಿನ ಸಾಲದು. ಈಗ ಮಾಡಿಸಿದರೆ ಸುಳ್ಳು ಸಮಾಧಾನ ಸಿಗುತ್ತದೆ ಅಷ್ಟೆ.

ಈ ತಿಂಗಳ ಕೆಲಸ ಕಾಕಾನ ಸಾಲು. ಅದು ಬೇರೆಯದೇ ಥರ. ಖಾಲಿ ಹೊಟ್ಟೆ 98, ಎಚ್‌ಬಿಎ1ಸಿ 5.6. ಎರಡೂ ನಾರ್ಮಲ್. ಜಿಟಿಟಿಯಲ್ಲಿ ಎರಡು ಗಂಟೆಗೆ 171. ರಕ್ತ ಚೆನ್ನಾಗಿದೆ, ಹಿಮೋಗ್ಲೋಬಿನ್ 14. ಇಲ್ಲಿ ಯಾವ ರಿಪೋರ್ಟೂ ಸುಳ್ಳಲ್ಲ. ರಾತ್ರಿ ಉಪವಾಸದಲ್ಲಿ ರಕ್ತಕ್ಕೆ ಸಕ್ಕರೆ ಬಿಡೋದು ಮುಖ್ಯವಾಗಿ ಲಿವರ್, ಖಾಲಿ ಹೊಟ್ಟೆ ಶುಗರ್ ಅದರ ಕತೆ. ಗ್ಲೂಕೋಸ್ ಕುಡಿದ ಮೇಲೆ ಅದನ್ನು ಹೀರಬೇಕಾದದ್ದು ಹೆಚ್ಚಾಗಿ ಸ್ನಾಯು, ಮತ್ತು ಅದಕ್ಕೆ ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಬರಬೇಕು. ಕಾಕಾನಲ್ಲಿ ಲಿವರ್ ಇನ್ನೂ ಮಾತು ಕೇಳುತ್ತಿದೆ, ಸ್ನಾಯು ಕೇಳುತ್ತಿಲ್ಲ ಅನ್ನಿಸುತ್ತದೆ. ಊಟದ ನಂತರದ ಕೆಲವು ಗಂಟೆ ಶುಗರ್ ಏರಿ ಇಳಿದರೂ ಇಡೀ ದಿನದ ಸರಾಸರಿ ಹೆಚ್ಚು ಮೇಲೆ ಹೋಗಲ್ಲ. ಹಾಗಾಗಿ ಎಚ್‌ಬಿಎ1ಸಿಯೂ ಸುಮ್ಮನಿದೆ. 140ರಿಂದ 199ರೊಳಗೆ ಬಂದರೆ ಕಾಯಿಲೆಯ ಹಿಂದಿನ ಹಂತ.

ಇನ್ನೊಂದು ಕಾಲಂ ಕೂಡ ಸೇರಿಸಿದೆ: ರಕ್ತ ತೆಗೆದ ಹೊತ್ತು, ಲ್ಯಾಬಿಗೆ ಮುಟ್ಟಿದ ಹೊತ್ತು. ಕೊಳವೆಯಲ್ಲಿರುವ ಕಣಗಳೂ ಸಕ್ಕರೆ ತಿನ್ನುತ್ತಲೇ ಇರುತ್ತವೆ, ಸಾಧಾರಣ ಉಷ್ಣತೆಯಲ್ಲೇ ಗಂಟೆಗೆ ಶೇಕಡಾ 5ರಿಂದ 7ರಷ್ಟು. ನಮ್ಮ ಕಲಬುರಗಿಯ ಬೇಸಿಗೆಯಲ್ಲಿ ಇನ್ನೂ ಬೇಗ. ಬೂದು ಮುಚ್ಚಳದ ಕೊಳವೆಯಲ್ಲಿರುವ ಫ್ಲೋರೈಡ್ ಇದನ್ನು ತಡೆಯುತ್ತದೆ, ಆದರೆ ಪೂರ್ತಿ ತಡೆಯೋಕೆ ಅದಕ್ಕೇ ಒಂದೆರಡು ಗಂಟೆ ಬೇಕು. ಮನೆಗೆ ಬಂದು ರಕ್ತ ತಗೊಂಡು ಊರೆಲ್ಲ ಸುತ್ತಿ ಲ್ಯಾಬಿಗೆ ಹೋದರೆ, 104 ಇದ್ದದ್ದು 97 ಆಗಿ ನಾರ್ಮಲ್ ಅಂತ ಬರಬಹುದು. ಎಚ್‌ಬಿಎ1ಸಿಗೆ ಈ ತೊಂದರೆ ಇಲ್ಲ.

ಅಕ್ಟೋಬರ್

ಕಾಕಿಯ ಹಿಮೋಗ್ಲೋಬಿನ್ 12.6, ಫೆರಿಟಿನ್ 38. ಎರಡೂ ಏರಿ ಸ್ಥಿರವಾದ ಮೇಲೆಯೇ ಎಚ್‌ಬಿಎ1ಸಿ ಮಾಡಿಸಿದೆವು: 5.8. ಸೂತ್ರಕ್ಕೆ ಹಾಕಿದರೆ 120, ಮೀಟರಿನ ಸರಾಸರಿ 113. ಅಂತರ 28ರಿಂದ 7ಕ್ಕೆ ಇಳಿಯಿತು. ಊಟ, ತೂಕ ಎರಡೂ ಹಾಗೇ ಇವೆ, ಶುಗರ್ ಮಾತ್ರೆಯೂ ಇಲ್ಲ.

ಆದರೆ 5.8 ಅಂದರೆ, ಕಾಯಿಲೆಯ ಹಿಂದಿನ ಹಂತ ಶುರುವಾಗುವ 5.7ರ ಗೆರೆಗಿಂತ ಮೇಲೆಯೇ. ಇದು ಕಬ್ಬಿಣದ ಕೊನೆಯ ನೆರಳೋ, ನಿಜವಾದ ಸಣ್ಣ ಏರಿಕೆಯೋ ಈಗಲೇ ಹೇಳಲಾಗದು. "ರೊಟ್ಟಿ ಬಿಡೂದಿಲ್ಲ ಅಂತಂದ್ರ ಸಾಕು ನನಗ" ಅಂದರು ಕಾಕಿ. ಮುಂದಿನ ವರ್ಷದ ಪರೀಕ್ಷೆಗೆ ಸಿಬಿಸಿಯನ್ನೂ ಸೇರಿಸಿ ಶೀಟಿನಲ್ಲಿ ಬರೆದಿಟ್ಟಿದ್ದೇನೆ. ಅದಕ್ಕೂ ಮೊದಲು ಕಾಕಾನ ಜಿಟಿಟಿ ಮತ್ತೊಮ್ಮೆ ಆಗಬೇಕು. ಆ ಪರೀಕ್ಷೆ ಒಂದೇ ಮನುಷ್ಯನಲ್ಲಿ ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ಸಾಕಷ್ಟು ಬದಲಾಗುತ್ತದೆ, 171 ಒಂದರ ಮೇಲೆ ಸಾಲು ಮುಚ್ಚಲು ನಾನು ಒಪ್ಪಲ್ಲ.