ಆಟದ ಬ್ಯಾಂಕು, ಆಟದ ಅಂಗಡಿ: ಸಿವಿವಿ ಎಲ್ಲಿ ಉಳಿದುಬಿಡುತ್ತದೆ?

ಶನಿವಾರ

ಬಿಡುವಿನಲ್ಲಿ ಕಟ್ಟುತ್ತಿರುವ ಪುಸ್ತಕದಂಗಡಿಯ ಜಾಲತಾಣಕ್ಕೆ ಒಂದು ಆಟದ ಬ್ಯಾಂಕು ಬೇಕಿತ್ತು. ಇಲ್ಲಿ ನಿಜವಾದ ಹಣವೂ ಇಲ್ಲ, ನಿಜವಾದ ಕಾರ್ಡೂ ಇಲ್ಲ. ಕಾರ್ಡಿನ ಹಿಂಬದಿಯ ಮೂರಂಕಿಯ ಸಿವಿವಿಯನ್ನು ಬ್ಯಾಂಕು ಹೇಗೆ ಪರೀಕ್ಷಿಸುತ್ತದೆ ಎಂಬುದನ್ನು ಕೈಯಾರೆ ಬರೆದು ನೋಡುವುದು ಮೊದಲ ಕೆಲಸ.

16 ಅಂಕಿಯ ಕಾರ್ಡ್ ಸಂಖ್ಯೆ, 4 ಅಂಕಿಯ ಅವಧಿ, 3 ಅಂಕಿಯ ಸೇವಾ ಸಂಕೇತ, ಇವನ್ನು ಸಾಲಾಗಿ ಜೋಡಿಸಿ, 32 ಅಂಕಿ ಆಗುವಷ್ಟು ಸೊನ್ನೆ ತುಂಬಬೇಕು. ಬ್ಯಾಂಕಿನ ಬಳಿ ಮಾತ್ರ ಇರುವ ಜೋಡಿ ಕೀಲಿಗಳಿಂದ ಅದನ್ನು ಡಿಇಎಸ್ ಗೂಢಲಿಪಿಗೆ ಒಳಪಡಿಸಿದರೆ ಅಂಕಿ, ಅಕ್ಷರ ಬೆರೆತ ಸಾಲೊಂದು ಹೊರಬರುತ್ತದೆ. ಅಕ್ಷರಗಳನ್ನು ಬಿಟ್ಟು ಎಡದಿಂದ ಸಿಗುವ ಮೊದಲ ಮೂರು ಅಂಕಿಗಳೇ ಉತ್ತರ. ಎಲ್ಲರೂ ಪರೀಕ್ಷೆಗೆ ಬಳಸುವ ಉದಾಹರಣೆ ನನ್ನಲ್ಲೂ ಸರಿಹೋಯಿತು; CVK ಎಂದರೆ ಆ ಜೋಡಿ ಕೀಲಿಗಳು, PAN ಎಂದರೆ ಕಾರ್ಡ್ ಸಂಖ್ಯೆ:

```
CVK  0123456789ABCDEF FEDCBA9876543210
PAN  4123456789012345
EXP  8701
SVC  101
CVV  561
```

ಇಲ್ಲಿರುವ 101 ಕಾಂತಪಟ್ಟಿಯ ಸೇವಾ ಸಂಕೇತ. ಹಿಂಬದಿಯಲ್ಲಿ ಅಚ್ಚಾಗುವ ಸಂಖ್ಯೆಗೆ ಆ ಜಾಗದಲ್ಲಿ 000 ಹಾಕುತ್ತಾರೆ, ಚಿಪ್ಪಿನ ಒಳಗಿನದಕ್ಕೆ 999. ಆದ್ದರಿಂದ ಪೆಟ್ರೋಲ್ ಬಂಕಿನಲ್ಲಿ ಯಾರೋ ಕಾಂತಪಟ್ಟಿಯನ್ನು ನಕಲು ಮಾಡಿಕೊಂಡರೂ ಅಚ್ಚಾದ ಸಿವಿವಿ ಅವರಿಗೆ ಸಿಗುವುದಿಲ್ಲ. ಅದು ಪಟ್ಟಿಯಲ್ಲೂ ಇಲ್ಲ, ಚಿಪ್ಪಿನಲ್ಲೂ ಇಲ್ಲ, ರಸೀದಿಯಲ್ಲೂ ಇಲ್ಲ. ಆನ್‌ಲೈನಿನಲ್ಲಿ ಕಾರ್ಡು ಅಂಗಡಿಯವನ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಟೈಪ್ ಮಾಡುತ್ತಿರುವವರ ಕೈಯಲ್ಲಿ ಕಾರ್ಡು ಇದ್ದಿರಬಹುದು ಎನ್ನುವುದಕ್ಕೆ ಈ ಮೂರಂಕಿಯೇ ಕುರುಹು. ಭಾರತದಲ್ಲಿ ಇದರ ಹಿಂದೆ ಒಟಿಪಿ ಬರುತ್ತದೆ. ಒಟಿಪಿ ಕೇಳದ ಎಷ್ಟೋ ವಿದೇಶಿ ತಾಣಗಳಲ್ಲಿ ಭಾರವೆಲ್ಲ ಇದರ ಮೇಲೆಯೇ.

ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಆಟದ ಬ್ಯಾಂಕಿನ ಕೋಷ್ಟಕದಲ್ಲಿ ಸಿವಿವಿಗೆ ಅಂಕಣವೇ ಬೇಕಾಗಲಿಲ್ಲ. ಸಂಖ್ಯೆ ಬಂದಾಗ ಮತ್ತೆ ಲೆಕ್ಕ ಹಾಕಿ ಹೋಲಿಸಿದರೆ ಆಯಿತು.

ಭಾನುವಾರ

ಈಗ ಅಂಗಡಿಯ ಸರದಿ. ಕೊಟ್ಟ ಬ್ಯಾಂಕೇ ಇಟ್ಟುಕೊಳ್ಳಬೇಕಾಗಿಲ್ಲದ ಸಂಖ್ಯೆಯನ್ನು ಅಂಗಡಿ ಇಟ್ಟುಕೊಂಡರೆ, ಕಾರ್ಡ್ ಸಂಖ್ಯೆ, ಅವಧಿ, ಸಿವಿವಿ ಮೂರೂ ಒಂದೇ ಕಡೆ ಸೇರುತ್ತವೆ. ಆ ಕೋಷ್ಟಕವನ್ನು ಕದ್ದವನು ಒಟಿಪಿ ಕೇಳದ ತಾಣಗಳಲ್ಲಿ ಕಾರ್ಡು ಹಿಡಿದವನಂತೆಯೇ ಖರೀದಿಸಬಹುದು. ಕಾರ್ಡ್ ದತ್ತಾಂಶದ ಭದ್ರತೆಗೆಂದು ಇರುವ ಪಿಸಿಐ ಡಿಎಸ್ಎಸ್ ನಿಯಮ ಇಲ್ಲಿ ಬಿಗಿಯಾಗಿದೆ: ಬ್ಯಾಂಕಿನ ಅನುಮತಿ ಬಂದ ಮೇಲೆ ವ್ಯಾಪಾರಿ ಸಿವಿವಿಯನ್ನು ಉಳಿಸಿಕೊಳ್ಳಬಾರದು, ಗೂಢಲಿಪಿಯಲ್ಲಿಟ್ಟರೂ ಕೂಡದು. ಕಾರ್ಡ್ ಸಂಖ್ಯೆಗಾದರೆ ಅದೇ ನಿಯಮ ಗೂಢಲಿಪಿಯ ರಿಯಾಯಿತಿ ಕೊಡುತ್ತದೆ (ಭಾರತದ ವ್ಯಾಪಾರಿಗಳಿಗೆ 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕು ಅದನ್ನೂ ತೆಗೆದುಹಾಕಿದೆ, ಬದಲಿಗೆ ಕಾರ್ಡ್ ಸಂಖ್ಯೆಯ ಜಾಗದಲ್ಲಿ ನಿಲ್ಲುವ ಟೋಕನ್). ಇಷ್ಟು ಕಟ್ಟುನಿಟ್ಟು ನ್ಯಾಯವೇ ಅನ್ನಿಸುತ್ತದೆ. ಹಣ ವಾಪಸು ಮಾಡಲು, ತಿಂಗಳ ಚಂದಾ ವಸೂಲು ಮಾಡಲು, ತಕರಾರು ಬಂದಾಗ ಉತ್ತರಿಸಲು ಸಿವಿವಿ ಬೇಕಾಗುವುದೇ ಇಲ್ಲ. ಬ್ಯಾಂಕು ಕೊಡುವ ಉತ್ತರ, ಅಂದರೆ ಹೊಂದಿದರೆ `M`, ಹೊಂದದಿದ್ದರೆ `N`, ಇಟ್ಟುಕೊಂಡರೆ ಸಾಕು. ನನ್ನ ಆರ್ಡರ್ ಕೋಷ್ಟಕದಲ್ಲಿ ಆ ಒಂದಕ್ಷರಕ್ಕೆ ಮಾತ್ರ ಜಾಗ.

ಮುಂದಿನ ಶನಿವಾರ

ಕೋಷ್ಟಕದಲ್ಲಿ ಇಲ್ಲ ಎಂದಮಾತ್ರಕ್ಕೆ ಎಲ್ಲೂ ಇಲ್ಲ ಎನ್ನಲಾಗದು. ಪರೀಕ್ಷಾ ಕಾರ್ಡಿನಿಂದ 737 ಎಂಬ ಸಿವಿವಿ ಹಾಕಿ ಒಂದು ಆರ್ಡರ್ ಕಳುಹಿಸಿ, ದೋಷಶೋಧನೆಯ ಲಾಗ್ ತೆರೆದಿಟ್ಟುಕೊಂಡೇ ಹುಡುಕಿದೆ:

```
grep -rniE "cvv|cvc|737" logs/
```

737 ಎಲ್ಲೆಲ್ಲೂ ಇತ್ತು: ಸಮಯದ ಮಿಲಿಸೆಕೆಂಡಿನಲ್ಲಿ, ಆರ್ಡರ್ ಸಂಖ್ಯೆಯಲ್ಲಿ, ಪುಟದ ಗಾತ್ರದಲ್ಲಿ. ನಿಜವಾದ ಸಿವಿವಿ ಸಿಕ್ಕಿದ್ದು `"cvv":"737"` ಎಂದು ಹೆಸರಿನ ಸಮೇತ ಬಿದ್ದಿದ್ದ ಒಂದು ಸಾಲಿನಲ್ಲಿ. ಹೆಸರು ಅಳಿಸಿ ಬರೀ ಅಂಕಿ ಬಿದ್ದಿದ್ದರೆ ಗುರುತಿಸಲು ದಾರಿಯೇ ಇರಲಿಲ್ಲ. ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ ಉಳಿದ ಅಂಕಿಗಳಿಂದ ಲುನ್ ಲೆಕ್ಕದಲ್ಲಿ ಬರುವ ತಾಳೆ ಅಂಕಿಯಾದ್ದರಿಂದ, ಜರಡಿ ಹಿಡಿಯುವ ತಂತ್ರಾಂಶಗಳು ಅದನ್ನು ಹೆಕ್ಕಿ ತೆಗೆಯುತ್ತವೆ. ಸಿವಿವಿಗೆ ಅಂಥ ಗುರುತಿಲ್ಲ. ಆದ್ದರಿಂದ ಆಮೇಲೆ ಹುಡುಕಿ ಅಳಿಸುವ ಯೋಜನೆ ಕೈಬಿಟ್ಟು, ಲಾಗ್ ಬರೆಯುವ ಮೊದಲೇ ಪಾವತಿ ಪುಟದಿಂದ ಬಂದ ದತ್ತಾಂಶವನ್ನು ಪೂರ್ತಿ ಬಿಟ್ಟುಬಿಡುವಂತೆ ಮಾಡಿದೆ. ಗೊತ್ತಿರುವ ಹೆಸರುಗಳನ್ನಷ್ಟೇ ಮರೆಮಾಡುವುದಕ್ಕಿಂತ ಇದು ಒರಟು ಕ್ರಮ, ಆದರೆ ನಾಳೆ ಯಾರಾದರೂ ಅಂಕಣದ ಹೆಸರು ಬದಲಿಸಿದರೂ ಸೋರುವುದಿಲ್ಲ.

ಇದು ಅತಿಯಾಯಿತು ಎನ್ನುವವರು ಬ್ರಿಟಿಷ್ ಏರ್‌ವೇಸ್ ಪ್ರಕರಣ ನೋಡಬೇಕು. 2018ರಲ್ಲಿ ಒಳನುಗ್ಗಿದವರಿಗೆ ಅಲ್ಲಿ ಸಾದಾ ಪಠ್ಯದ ಲಾಗ್ ಕಡತಗಳಲ್ಲಿ ಕಾರ್ಡ್ ವಿವರಗಳು ಸಿಕ್ಕವು; ಬಹುಪಾಲು ಸಿವಿವಿ ಸಮೇತ. ಪರೀಕ್ಷೆಗೆಂದು ಇದ್ದ ಆ ಲಾಗ್ ಸೌಲಭ್ಯ 2015ರ ಡಿಸೆಂಬರಿನಿಂದ ಚಾಲೂ ಆಗಿಯೇ ಉಳಿದಿತ್ತು. ಲಾಗ್‌ಗಳು 95 ದಿನಗಳಷ್ಟೇ ಉಳಿಯುತ್ತಿದ್ದರೂ ಸುಮಾರು 1,08,000 ಕಾರ್ಡುಗಳ ವಿವರ ಅಲ್ಲಿತ್ತು. ಅಲ್ಲದೆ ಅವರು ಪಾವತಿ ಪುಟಕ್ಕೇ ಸ್ಕ್ರಿಪ್ಟ್ ತುರುಕಿ, ಗ್ರಾಹಕರು ಟೈಪ್ ಮಾಡುತ್ತಿದ್ದುದನ್ನೂ ಎತ್ತಿಕೊಂಡರು. 2020ರಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2 ಕೋಟಿ ಪೌಂಡ್ ದಂಡ ಹಾಕಿತು.

ಆ ಎರಡನೆಯ ದಾರಿಯನ್ನು ‘ಉಳಿಸಬಾರದು’ ಎಂಬ ನಿಯಮ ತಡೆಯುವುದಿಲ್ಲ. ಹಾಗಾಗಿ ಮುಂದಿನ ಕೆಲಸ: ಕಾರ್ಡಿನ ಪೆಟ್ಟಿಗೆಗಳನ್ನು ಪಾವತಿ ಸೇವೆಯ ಸ್ವಂತ ಚೌಕಟ್ಟಿಗೆ ವರ್ಗಾಯಿಸಿ, ಸಿವಿವಿ ನನ್ನ ಸರ್ವರಿಗೆ ಬಾರದಂತೆ ಮಾಡುವುದು, ಜೊತೆಗೆ ಆ ಪುಟದಲ್ಲಿ ಓಡುವ ಸ್ಕ್ರಿಪ್ಟ್‌ಗಳ ಪಟ್ಟಿ ಮಾಡಿ, ಕಾರಣ ಹೇಳಲಾಗದ ಪ್ರತಿಯೊಂದನ್ನೂ ತೆಗೆದುಹಾಕುವುದು.